ಹಾಸ್ಟೆಲಿನ ಎರಡೂವರೆ ಅಡಿ ಜಾಗದಲ್ಲಿ ಸಂಧ್ಯಾವಂದನೆ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು?

ಪೆರ್ಲದ ಮಾಣಿ

ಎಲ್ಲರಿಗೂ ನಮಸ್ಕಾರ. ಉಪನಯನ ಆದಂದಿನಿಂದ ಮನೆಯಲ್ಲಿದ್ದಷ್ಟು ದಿನ ಎರಡು ಹೊತ್ತಿನ ಸಂಧ್ಯಾವಂದನೆ ತಪ್ಪಿಸಿದವನಲ್ಲ ನಾನು. ಮನೆಯಲ್ಲಿ ಕಷ್ಟವೂ ಇರಲಿಲ್ಲ. ಕೆರೆಯ ಮೆಟ್ಟಿಲು ಇತ್ತು, ಅಂಗಳ ಇತ್ತು, ಅಜ್ಜ ಪಕ್ಕದಲ್ಲಿ ಇದ್ದರು. ಈ ಜೂನಿನಿಂದ ಕಾಸರಗೋಡು ಪೇಟೆಯ ಹತ್ತಿರದ ಒಂದು ಹಾಸ್ಟೆಲಿನಲ್ಲಿ ಇದ್ದೇನೆ. ಮೂವರಿಗೆ ಒಂದು ಕೋಣೆ. ಒಂದು ಬದಿಗೆ ಮೇಲೆ ಕೆಳಗೆ ಮಲಗುವ ಕಬ್ಬಿಣದ ಮಂಚ, ಇನ್ನೊಂದು ಬದಿಗೆ ನನ್ನ ಮಂಚ, ನಡುವೆ ಅಳೆದು ನೋಡಿದರೆ ಎರಡೂವರೆ ಅಡಿ ನೆಲ. ಮೇಲಿನ ಮಂಚದವನು ಕಣ್ಣೂರಿನವನು, ಏಳೂವರೆಗೆ ಮೊದಲು ಏಳುವುದಿಲ್ಲ. ಕೆಳಗಿನವನು ಮೊಗ್ರಾಲಿನವನು, ಸುಬಹಿ ನಮಾಜಿಗೆ ಏಳುತ್ತಾನೆ, ಅದೇ ಎರಡೂವರೆ ಅಡಿಯಲ್ಲಿ ಮುಸಲ್ಲ ಹಾಸುತ್ತಾನೆ.

ಮೊದಲ ವಾರ ನಾನು ಕೋಣೆಯಲ್ಲಿಯೇ ಮಾಡಿದೆ. ಅರ್ಘ್ಯ ಬಿಟ್ಟ ನೀರು ಸ್ಟೀಲಿನ ಹರಿವಾಣಕ್ಕೆ ಬಿದ್ದ ಸದ್ದಿಗೆ ಮೇಲಿನವನು ಎದ್ದು ಕೂತ. ಹನಿ ಹಾರಿ ಇನ್ನೊಬ್ಬನ ಮುಸಲ್ಲ ಒದ್ದೆಯಾಯಿತು. ಇಬ್ಬರೂ ಏನೂ ಹೇಳಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಮರುದಿನದಿಂದ ಕೈತೊಳೆಯುವ ಬೇಸಿನ್ನಿನ ಎದುರು ನಿಂತು ಮಾಡಿದೆ. ಹಿಂದೆ ಶೌಚಾಲಯದ ಬಾಗಿಲು. ಮೂರು ದಿನ ಮಾಡಿ ನನಗೇ ಆಗಲಿಲ್ಲ. ಈಗ ಹತ್ತು ದಿನದಿಂದ ಮಂಚದ ಮೇಲೆ ಕಣ್ಣು ಮುಚ್ಚಿ ಕೂತು ಎಲ್ಲವನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಅಜ್ಜನಿಗೆ ಇದನ್ನು ಹೇಳುವ ಧೈರ್ಯ ಬಂದಿಲ್ಲ. ಹೀಗೆ ಮಾಡಿದರೆ ಸಂಧ್ಯಾವಂದನೆ ಆದ ಹಾಗೆಯಾ, ಆಗದ ಹಾಗೆಯಾ?

ನೀರ್ಚಾಲಿನವ

ತಲೆಬಿಸಿ ಮಾಡಿಕೊಳ್ಳಬೇಡ ಮಾರಾಯ. ನೀನು ಮಾಡುತ್ತಿರುವುದೇ ಶ್ರೇಷ್ಠ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಸ್ಪಷ್ಟ ಉಂಟು: ವಿಧಿಯಜ್ಞಕ್ಕಿಂತ ಜಪಯಜ್ಞ ಹತ್ತು ಪಾಲು ಮೇಲು, ತುಟಿ ಮಾತ್ರ ಅಲ್ಲಾಡಿಸುವ ಉಪಾಂಶು ನೂರು ಪಾಲು, ಮಾನಸ ಸಾವಿರ ಪಾಲು. ಹಾಗಿರುವಾಗ ನೀರು, ಹರಿವಾಣ, ದಿಕ್ಕು ಎಲ್ಲ ಯಾಕೆ? ನಾನು ಬೆಂಗಳೂರಿನಲ್ಲಿ ಬಸ್ಸಿನಲ್ಲಿಯೇ ಮುಗಿಸುತ್ತೇನೆ.

ಮಂಜೇಶ್ವರದ ಅಕ್ಕ

ತಮ್ಮಾ, ದೀಪ ಮಾತ್ರ ಹಚ್ಚಬೇಡ. ಪರದೆ, ಹಾಸಿಗೆ, ಪುಸ್ತಕ ಇರುವ ಸಣ್ಣ ಕೋಣೆ. ನಮ್ಮ ಹಾಸ್ಟೆಲಿನಲ್ಲಿ ಒಬ್ಬಳ ಊದುಬತ್ತಿ ಕಿಟಕಿಯ ಪರದೆಗೆ ತಾಗಿ ಕೋಣೆ ತುಂಬ ಹೊಗೆ ಆಗಿತ್ತು. ಈಗ ನಾನು ಆಫೀಸಿನಲ್ಲಿ ಮಧ್ಯಾಹ್ನ ಊಟದ ಬಿಡುವಿಗೆ ಸಹಸ್ರನಾಮ ಹೇಳಿಕೊಳ್ಳುತ್ತೇನೆ. ಮೇಜಿನ ಅಡಿಯಲ್ಲಿ ಚಪ್ಪಲಿ ಕಳಚಿ ಒಂದು ಹಳೆಯ ಬೈರಾಸಿನ ಮೇಲೆ ಕಾಲಿಡುತ್ತೇನೆ, ಅಷ್ಟೇ. ಯಾರಿಗೂ ಗೊತ್ತಾಗುವುದಿಲ್ಲ.

ಪೆರ್ಲದ ಮಾಣಿ

ಅಕ್ಕಾ, ನಾನು ದೀಪ ಹಚ್ಚುವುದಿಲ್ಲ. ನನ್ನ ಪ್ರಶ್ನೆ ಸಂಧ್ಯಾವಂದನೆಯ ಬಗ್ಗೆ. ಆದರೆ ಬೈರಾಸಿನ ಮಾತು ತಲೆಯಲ್ಲಿ ಇಟ್ಟುಕೊಂಡೆ.

ಕುಂಬಳೆ ಸೀಮೆಯ ಪುರೋಹಿತ

ಮಾಣಿ, ನೀನು ಕೇಳಿದ್ದು ಒಳ್ಳೆಯದಾಯಿತು. ನೀರ್ಚಾಲಿನವರು ಹೇಳಿದ ಶ್ಲೋಕ ಸರಿ, ಅದನ್ನು ಇಟ್ಟ ಜಾಗ ಸರಿಯಲ್ಲ. ಆ ಮಾತು ಜಪಕ್ಕೆ. ಗಾಯತ್ರಿಯನ್ನು ಮನಸ್ಸಿನಲ್ಲಿ ಹೇಳು ಎಂದು ನಾನೂ ಹೇಳುತ್ತೇನೆ, ಕೋಣೆಯಲ್ಲಿ ಮಲಗಿದವರು ಇಲ್ಲದಿದ್ದರೂ ಹೇಳುತ್ತೇನೆ. ಆದರೆ ಅರ್ಘ್ಯ ಜಪವಲ್ಲ. ಅದು ಕೊಡುವುದು. ನೀರು ಕೈಯಲ್ಲಿ ಹಿಡಿದು ಸೂರ್ಯನಿಗೆ ಬಿಡಬೇಕು. ಮನೆಗೆ ಬಂದವರಿಗೆ ಮನಸ್ಸಿನಲ್ಲೇ ಆಸರಿಗೆ ಕೊಟ್ಟರೆ ಅವರ ಬಾಯಾರಿಕೆ ಹೋಗುತ್ತದಾ? ಜ್ವರ ಬಂದು ಏಳಲಾಗದವನಿಗೆ, ನೀರೇ ಸಿಗದ ಪ್ರಯಾಣದಲ್ಲಿರುವವನಿಗೆ ಮಾನಸಿಕ ಉಂಟು. ನಿನಗೆ ಕಾಲು ಗಟ್ಟಿ ಉಂಟು, ನಳ್ಳಿಯಲ್ಲಿ ನೀರು ಉಂಟು.

ಇನ್ನು ಜಾಗ. ಎರಡೂವರೆ ಅಡಿ ಕಡಿಮೆಯಲ್ಲ. ಕ್ರಮವನ್ನು ಒಮ್ಮೆ ಮನಸ್ಸಿನಲ್ಲಿ ನಡೆಸಿ ನೋಡು. ಆಚಮನ, ಪ್ರಾಣಾಯಾಮ, ಸಂಕಲ್ಪ ಇವೆಲ್ಲ ಕೂತು. ಆಪೋಹಿಷ್ಠಾ ಹೇಳಿ ತಲೆಗೆ ಪ್ರೋಕ್ಷಿಸಿಕೊಳ್ಳುವಾಗ ನಾಲ್ಕು ಹನಿ ಸಾಕು, ಕೊಡಪಾನ ಬೇಡ. ಆಚಮನದ ನೀರು ಎಷ್ಟು ಎಂದು ಹಿರಿಯರು ಅಳತೆಯನ್ನೇ ಹೇಳಿದ್ದಾರೆ, ಒಂದು ಉದ್ದಿನ ಕಾಳು ಮುಳುಗುವಷ್ಟು. ಅರ್ಘ್ಯಕ್ಕೆ ಬೆಳಿಗ್ಗೆ ಪೂರ್ವಕ್ಕೆ ನಿಂತು ಮೂರು ಸಲ. ಅದಾದ ಮೇಲೆ ಅಸಾವಾದಿತ್ಯೋ ಬ್ರಹ್ಮ ಎಂದು ಸುತ್ತು ಬರುವುದು ನಿಂತಲ್ಲಿಯೇ, ಅದಕ್ಕೆ ನಿನ್ನ ಮೈಯಷ್ಟು ಜಾಗ ಸಾಕು. ಬೆಳಗಿನ ಜಪ ನಿಂತು, ಸಂಜೆಯದ್ದು ಕೂತು. ಇದು ನಿನ್ನ ಹಾಸ್ಟೆಲಿಗೆ ಮಾಡಿಕೊಂಡ ರಿಯಾಯಿತಿ ಅಲ್ಲ, ಅದೇ ಎರಡನೇ ಅಧ್ಯಾಯದಲ್ಲಿ ಇರುವ ವಿಧಿ. ನಿಂತರೆ ಒಂದು ಚದರ ಅಡಿ ನೆಲ ಬೇಕು, ಅಷ್ಟೇ.

ಎಣಿಕೆಗೆ ಜಪಮಾಲೆ ತೆಗೆಯಬೇಕಾಗಿಲ್ಲ. ಉಂಗುರ ಬೆರಳಿನ ನಡುಗಂಟಿನಿಂದ ಶುರು ಮಾಡಿ, ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಮತ್ತೆ ಉಂಗುರ ಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ. ಹತ್ತಾಯಿತು. ನಡುಬೆರಳಿನ ಕೆಳಗಿನ ಎರಡು ಗಂಟು ಮೇರು, ಅದನ್ನು ಮುಟ್ಟಬಾರದು. ಕೈಯ ಮೇಲೆ ಶಾಲು ಹಾಕಿಕೊಳ್ಳುವುದು ಮೊದಲಿನಿಂದಲೂ ಇರುವ ಪದ್ಧತಿ, ಹಾಗಾಗಿ ಬೆರಳು ಅಲ್ಲಾಡುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಸಮಯ ಇದ್ದರೆ 108, ಇಲ್ಲದಿದ್ದರೆ 28, ತೀರಾ ಆಗದ ದಿನ 10.

ಬೇಸಿನ್ನಿನ ಎದುರು ಮಾಡಿದ್ದನ್ನು ಬಿಟ್ಟದ್ದು ಸರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನೀರ್ಚಾಲಿನವ

ಭಟ್ರೇ, ಜಪಕ್ಕೂ ಅರ್ಘ್ಯಕ್ಕೂ ಇರುವ ವ್ಯತ್ಯಾಸ ನಾನು ಗಮನಿಸಿರಲಿಲ್ಲ. ಆದರೆ ಬಸ್ಸಿನಲ್ಲಿ ಹೋಗುವವ ಎಂತ ಮಾಡುವುದು? ನಾನು ಮನೆ ಬಿಡುವುದು ಐದೂವರೆಗೆ.

ಕುಂಬಳೆ ಸೀಮೆಯ ಪುರೋಹಿತ

ಐದೂವರೆಗೆ ಬಿಡುವವ ಐದು ಗಂಟೆಗೆ ಮಾಡಿ ಬಿಡಬಹುದು. ನಕ್ಷತ್ರ ಇರುವಾಗ ಮಾಡಿದ್ದನ್ನೇ ಉತ್ತಮ ಎಂದಿದ್ದಾರೆ, ನಕ್ಷತ್ರ ಮರೆಯಾದ ಮೇಲೆ ಮಧ್ಯಮ, ಸೂರ್ಯ ಬಂದ ಮೇಲೆ ಅಧಮ. ನಿಮಗೆ ಸಿಕ್ಕಿದ್ದು ಒಳ್ಳೆಯ ಹೊತ್ತೇ.

ಉಪ್ಪಳದ ಇಚ್ಚ

ಕಾಸರಗೋಡಿನ ಒಂದು ಆಫೀಸಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಾಣಿಯ ಕೋಣೆಯ ಮೊಗ್ರಾಲಿನ ಹುಡುಗನ ಕಡೆಯಿಂದ ಎರಡು ಮಾತು ಹೇಳಬೇಕು ಅನಿಸಿತು.

ನಮ್ಮಲ್ಲಿಯೂ ಇದೇ ತಪ್ಪು ನಡೆಯುತ್ತದೆ. ಜನ ನೋಡುತ್ತಾರೆ ಎಂಬ ನಾಚಿಕೆಗೆ ಕೆಲವರು ಕುರ್ಚಿಯಲ್ಲೇ ಕೂತು ಲುಹರ್ ನಮಾಜು ಮುಗಿಸುತ್ತಾರೆ. ಕಡ್ಡಾಯವಾದ ಫರ್ಳ್ ನಮಾಜಿನಲ್ಲಿ ನಿಲ್ಲಲು ಆಗುವವನು ನಿಲ್ಲಲೇಬೇಕು. ಮಂಡಿನೋವಿನವನಿಗೆ, ಕಾಯಿಲೆಯವನಿಗೆ ಕೂರುವ ಅನುಮತಿ ಇದೆ, ನಾಚಿಕೆಯವನಿಗೆ ಇಲ್ಲ. ಕಡ್ಡಾಯವಲ್ಲದ ಸುನ್ನತ್ ಬೇಕಾದರೆ ಕೂತು ಮಾಡಬಹುದು. ಹಾಗಾಗಿ ನಾನು ಬದಲಾಯಿಸಿದ್ದು ಭಂಗಿಯನ್ನಲ್ಲ, ಜಾಗವನ್ನೂ ಗಳಿಗೆಯನ್ನೂ. ಲುಹರಿನ ಸಮಯ ನಮ್ಮ ಊರಿನಲ್ಲಿ ಹನ್ನೆರಡೂವರೆ ಆಸುಪಾಸಿಗೆ ಶುರುವಾದರೆ ಮೂರೂವರೆಯ ಹತ್ತಿರದವರೆಗೆ ಇರುತ್ತದೆ. ಎಲ್ಲರೂ ಊಟಕ್ಕೆ ಹೋದಾಗ ಹಳೆಯ ಫೈಲು ಇಡುವ ಕೋಣೆಗೆ ಹೋಗುತ್ತೇನೆ. ಖಿಬ್‌ಲಾ ಎಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಇಲ್ಲಿಂದ ನೇರ ಪಶ್ಚಿಮಕ್ಕೆ ಅಲ್ಲ, ಸುಮಾರು 20 ಡಿಗ್ರಿ ಉತ್ತರಕ್ಕೆ ವಾಲಬೇಕು. ಕಪಾಟಿನ ಮೂಲೆಗೆ ಎದುರಾಗಿ ನಿಂತರೆ ಅದು ಸರಿಯಾಗುತ್ತದೆ ಎಂದು ಮೊದಲ ದಿನವೇ ನೋಡಿ ಇಟ್ಟುಕೊಂಡೆ.

ಇನ್ನೊಂದು, ಇದು ಮಾಣಿಗೆ ಗೊತ್ತಿರಲಿ. ನಮಾಜು ಮಾಡುವವನ ಎದುರಿನಿಂದ ದಾಟಬಾರದು. ಅದಕ್ಕಾಗಿ ಎದುರು ಒಂದು ಮರೆ ಇಡುತ್ತೇವೆ, ಸುತ್ರ ಎಂದು. ಒಂದು ಮೊಳದ ಮೂರರಲ್ಲಿ ಎರಡು ಪಾಲು ಎತ್ತರ ಇದ್ದರೆ ಸಾಕು, ಮೂರು ಮೊಳದ ಒಳಗೆ ಇರಬೇಕು. ಕಾಲೇಜಿನ ಬ್ಯಾಗನ್ನು ನಿಲ್ಲಿಸಿ ಇಟ್ಟರೂ ಆಯಿತು. ಅದರ ಆಚೆಯಿಂದ ಹೋದರೆ ತೊಂದರೆ ಇಲ್ಲ. ಮತ್ತೆ, ನಿನ್ನ ಅರ್ಘ್ಯದ ನೀರು ಮುಸಲ್ಲಕ್ಕೆ ಬಿದ್ದರೆ ಅದು ನಜಸ್ ಅಲ್ಲ, ಅಶುದ್ಧ ಆಗುವುದಿಲ್ಲ, ಬರೀ ಒದ್ದೆ. ಅವನು ಸುಮ್ಮನಿದ್ದದ್ದು ಸಿಟ್ಟಿನಿಂದ ಅಲ್ಲದೆ ಇರಬಹುದು. ಹೋಗಿ ಕೇಳು.

ಪೆರ್ಲದ ಮಾಣಿ

ಇಚ್ಚಾ, ಇವತ್ತೇ ಕೇಳಿದೆ. ಅವನು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ತಾನು ನಮಾಜಿಗೆ ಮೊದಲು ಕೈಕಾಲು ತೊಳೆಯುವ ವುಳು ಮಾಡಿ ಒದ್ದೆ ಕಾಲಿನಲ್ಲಿ ಬರುವುದರಿಂದ ನನ್ನ ಮಡಿ ಕೆಡುತ್ತದೆ ಎಂದು ಅವನಿಗೆ ಸಂಕೋಚವಂತೆ. ಎರಡು ವಾರದಿಂದ ಕಾಲು ಒರೆಸಿಕೊಂಡು ಬರುತ್ತಿದ್ದನಂತೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಭಟ್ರೇ, ನೆಲದ ಬಗ್ಗೆ ಎಂತ ಮಾಡಬೇಕು? ಮನೆಯಲ್ಲಾದರೆ ಸಾರಿಸಿದ ನೆಲ. ಇಲ್ಲಿ ಎಲ್ಲರೂ ನಡೆಯುವ ಟೈಲ್ಸು.

ಕುಂಬಳೆ ಸೀಮೆಯ ಪುರೋಹಿತ

ನೀನು ನಿಲ್ಲುವಷ್ಟು ಜಾಗಕ್ಕೆ ಒದ್ದೆ ಬಟ್ಟೆ ಎಳೆದು, ಮೇಲೆ ನಾಲ್ಕು ಹನಿ ಪ್ರೋಕ್ಷಿಸು. ಒಂದು ಮಣೆಯೋ ಚಾಪೆಯ ತುಂಡೋ ನಿನ್ನದೇ ಆಗಿ ಇರಲಿ, ಬೇರೆ ಹೊತ್ತಿನಲ್ಲಿ ಮಡಚಿ ಎತ್ತರದಲ್ಲಿ ಇಡು. ಅದನ್ನು ಚಪ್ಪಲಿಯ ಹತ್ತಿರ ಇಡಬೇಡ. ಸ್ನಾನಕ್ಕೆ ನೀರು ಸಿಗದ ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಬಟ್ಟೆ ಬದಲಿಸಿ, ಆಪೋಹಿಷ್ಠಾ ಹೇಳಿ ಪ್ರೋಕ್ಷಿಸಿಕೊಂಡರೆ ಅದಕ್ಕೂ ಸ್ನಾನ ಎಂದೇ ಹೆಸರು. ಆ ಹುಡುಗನ ಒದ್ದೆ ಕಾಲಿನ ಬಗ್ಗೆ ನೀನು ಒಂದು ಮಾತೂ ಎತ್ತಬೇಡ. ಅವನೂ ತೊಳೆದುಕೊಂಡೇ ಬಂದವನು.

ನಿವೃತ್ತ ವಾರ್ಡನ್

ಇಪ್ಪತ್ತೆರಡು ವರ್ಷ ಹಾಸ್ಟೆಲು ನೋಡಿಕೊಂಡವನು. ಶಾಸ್ತ್ರದ ವಿಷಯ ದೊಡ್ಡವರು ಹೇಳಿದ್ದಾರೆ, ನಾನು ನೀರಿನ ವಿಷಯ ಹೇಳುತ್ತೇನೆ. ಅರ್ಘ್ಯ ಬಿಡುವಾಗ ಕೈ ಎದೆ ಮಟ್ಟಕ್ಕೆ ಇರುತ್ತದೆ. ಅಷ್ಟು ಎತ್ತರದಿಂದ ಸ್ಟೀಲಿಗೆ ಬಿದ್ದರೆ ಸದ್ದೂ ಹೌದು, ಮೂರು ಅಡಿ ಸುತ್ತ ಹನಿಯೂ ಹೌದು. ಕೈಯನ್ನು ಕೆಳಗೆ ತಂದು ಬಿಡುತ್ತಿದ್ದ ಮಕ್ಕಳನ್ನು ನೋಡಿದ್ದೇನೆ, ಅದು ಸರಿಯಾ ಭಟ್ರು ಹೇಳಲಿ. ಟೈಲ್ಸಿನ ಮೇಲೆ ಒಂದು ಹನಿ ಸಾಕು, ಕತ್ತಲೆಯಲ್ಲಿ ಮೇಲಿನ ಮಂಚದಿಂದ ಇಳಿಯುವವನು ಜಾರಿ ಬೀಳಲು. ಒಬ್ಬ ಹುಡುಗ ಬಿದ್ದು ಮುಂಗೈ ಮುರಿದುಕೊಂಡದ್ದು ನನ್ನ ಕಣ್ಣೆದುರು. ಮಾಡಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಯೇ ಏಳಬೇಕು.

ಕುಂಬಳೆ ಸೀಮೆಯ ಪುರೋಹಿತ

ಕೈ ಕೆಳಗೆ ತರುವುದು ಬೇಡ. ಗೋವಿನ ಕೊಂಬಿನಷ್ಟು ಎತ್ತರಕ್ಕೆ ಎತ್ತಿ ಬಿಡಬೇಕು ಎಂದು ಇದೆ. ಎತ್ತರ ಹಾಗೆಯೇ ಇರಲಿ, ಕೆಳಗೆ ಇಡುವ ಪಾತ್ರೆ ಬದಲಿಸು. ಅರ್ಘ್ಯ ನೀರಿಗೆ ಬಿಡಬೇಕು, ಇಲ್ಲವೇ ಶುದ್ಧ ನೆಲಕ್ಕೆ. ಒಂದು ಅಗಲದ ಕುಂಡಕ್ಕೆ ಒಳ್ಳೆಯ ಮಣ್ಣು ತುಂಬಿ ಕಿಟಕಿಯ ಹತ್ತಿರ ಇಡು. ಮಣ್ಣಿಗೆ ಬಿದ್ದರೆ ನೆಲಕ್ಕೆ ಬಿಟ್ಟ ಹಾಗೆಯೇ ಆಯಿತು. ಸದ್ದಿಲ್ಲ, ಹನಿ ಹಾರುವುದಿಲ್ಲ, ಚೆಲ್ಲಲು ಬೇರೆ ಜಾಗ ಹುಡುಕಬೇಕಾಗಿಲ್ಲ. ನೀರು ನಿನ್ನ ಕಾಲಿಗೆ ಬೀಳದ ಹಾಗೆ ನೋಡಿಕೋ.

ಪೆರ್ಲದ ಮಾಣಿ

ಮೂರು ವಾರ ಆಯಿತು. ಆದದ್ದನ್ನು ಹೇಳುತ್ತೇನೆ.

ಕುಂಡ ಸಿಗಲಿಲ್ಲ. ಪೈಂಟಿನ ದೊಡ್ಡ ಖಾಲಿ ಬಕೆಟ್ ಚೆನ್ನಾಗಿ ತೊಳೆದೆ, ಮನೆಗೆ ಹೋದಾಗ ತೋಟದ ಮಣ್ಣು ತಂದು ಮುಕ್ಕಾಲು ತುಂಬಿಸಿದೆ. ಮೊದಲ ದಿನ ಮಣ್ಣು ಗಟ್ಟಿಯಾಗಿದ್ದು ನೀರು ಮೇಲೆಯೇ ನಿಂತಿತು, ಎರಡನೇ ಅರ್ಘ್ಯಕ್ಕೆ ಕೆಸರು ಸಿಡಿಯಿತು. ಮೇಲೆ ಎರಡು ಬೆರಳು ದಪ್ಪ ಮರಳು ಹಾಕಿದ ಮೇಲೆ ಸರಿಯಾಯಿತು. ಬುಡದಲ್ಲಿ ತೂತು ಮಾಡಿ ಅಡಿಯಲ್ಲಿ ತಟ್ಟೆ ಇಟ್ಟಿದ್ದೇನೆ. ಆಚಮನದ ನೀರಿಗೆ ಕೌಳಿಗೆ ಎಂಬ ಪಾತ್ರೆ, ಸಕ್ಕಣ ಎಂಬ ಚಮಚ ಮನೆಯಿಂದ ತಂದೆ. ಬೆಳಗಿನ ಇಡೀ ಕ್ರಮಕ್ಕೆ ಅರ್ಧ ಲೀಟರ್ ನೀರು ಸಾಕಾಗಿ ಉಳಿಯುತ್ತದೆ, ರಾತ್ರಿಯೇ ತುಂಬಿಸಿ ಮುಚ್ಚಿ ಇಡುತ್ತೇನೆ.

ಮೊಗ್ರಾಲಿನವನೂ ನಾನೂ ಮಾತಾಡಿ ಹೊತ್ತು ಹಂಚಿಕೊಂಡೆವು. ಸುಬಹಿಯೂ ಸೂರ್ಯ ಏಳುವ ಮೊದಲೇ ಮುಗಿಯಬೇಕು, ನನ್ನದೂ ಅದೇ ಹೊತ್ತು. ಅವನಿಗೆ ಬೇಕಾದದ್ದು ಹತ್ತು ನಿಮಿಷ. ಅವನು ಮೊದಲು ಮಾಡುತ್ತಾನೆ, ಅಷ್ಟರಲ್ಲಿ ನಾನು ಮುಖ ತೊಳೆದು, ಮಿಂದು ಬರುತ್ತೇನೆ. ಅವನ ಬ್ಯಾಗು ಎದುರು ನಿಂತಿದ್ದರೆ ನಾನು ಬ್ಯಾಗಿನ ಆಚೆಯಿಂದ ಬರುತ್ತೇನೆ. ಒಂದು ದಿನ ಅವನಿಗೆ ತಡವಾಯಿತು, ಇಬ್ಬರೂ ಒಟ್ಟಿಗೇ ನಿಂತೆವು. ಅವನು ಪಶ್ಚಿಮಕ್ಕೆ, ನಾನು ಪೂರ್ವಕ್ಕೆ, ಬೆನ್ನಿಗೆ ಬೆನ್ನು. ಅವನು ಸುಜೂದಿಗೆ ಬಾಗುವಾಗ ನಾನು ಕಿಟಕಿಯ ಕಡೆಗೆ ಅರ್ಧ ಹೆಜ್ಜೆ ಸರಿದೆ. ಜಾಗ ಸಾಕಾಯಿತು. ಕಣ್ಣೂರಿನವನು ಈಗ ಏಳುವುದಿಲ್ಲ.

ಅಜ್ಜನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಬೇಸಿನ್ನಿನ ಎದುರು ಮಾಡಿದ್ದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಣ್ಣು ಯಾವ ತೋಟದ್ದು ಎಂದು ಕೇಳಿದರು. ಕೆರೆಯ ಬದಿಯದ್ದು ಎಂದೆ.

ಈಗ ಉಳಿದದ್ದು ಸಂಜೆ. ಹಾಸ್ಟೆಲಿನಲ್ಲಿ ಆರೂವರೆಯಿಂದ ಎಂಟೂವರೆ ತನಕ ಎಲ್ಲರೂ ಓದುವ ಹಾಲ್‌ನಲ್ಲಿ ಇರಬೇಕು, ಹಾಜರಿ ತೆಗೆಯುತ್ತಾರೆ. ನವೆಂಬರಿನಲ್ಲಾದರೆ ಆರು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ ಮುಗಿಸಿಯೇ ಹೋಗಬಹುದು. ಜೂನ್, ಜುಲೈಯಲ್ಲಿ ಮುಳುಗುವಾಗ ಏಳು ಗಂಟೆಯ ಹತ್ತಿರ. ಈಗ ನಾನು ಹೊತ್ತಿಗೆ ಸರಿಯಾಗಿ ಹಾಲ್‌ನಲ್ಲೇ ಮನಸ್ಸಿನಲ್ಲಿ ಹತ್ತು ಗಾಯತ್ರಿ ಹೇಳಿ, ಎಂಟೂವರೆಗೆ ಬಂದು ಪೂರ್ತಿ ಮಾಡುತ್ತೇನೆ. ಸರಿಯಾ?

ಕುಂಬಳೆ ಸೀಮೆಯ ಪುರೋಹಿತ

ಮುಖ್ಯ ಕಾಲ ಮೀರಿದ್ದಕ್ಕೆ ಪ್ರಾಯಶ್ಚಿತ್ತಾರ್ಘ್ಯ ಒಂದು ಸೇರಿಸಿ ನಾಲ್ಕು ಬಿಡು. ಅದು ಕಾಲ ಮೀರಿದ ಎಲ್ಲರಿಗೂ ಹೇಳಿದ್ದು. ಹಾಲ್‌ನಲ್ಲಿ ಹೇಳುವ ಹತ್ತು ಗಾಯತ್ರಿಯನ್ನು ಬಿಡಬೇಡ. ಆದರೆ ಅಲ್ಲಿ ಹೇಳಿ ಆಯಿತಲ್ಲ ಎಂದು ರಾತ್ರಿಯದ್ದನ್ನು ಬಿಡುವ ದಿನ ಬರುತ್ತದೆ, ಅದನ್ನು ನೋಡಿಕೋ.

ಮಧೂರಿನ ಹಿರಿಯರು

ನನ್ನ ಅಭಿಪ್ರಾಯ ಬೇರೆ. ಸಂಜೆಯದ್ದು ಸೂರ್ಯ ಇರುವಾಗ ಮಾಡಿದರೆ ಉತ್ತಮ, ಮುಳುಗಿದ ಮೇಲೆ ಮಧ್ಯಮ, ನಕ್ಷತ್ರ ಬಂದ ಮೇಲೆ ಅಧಮ. ಬೆಳಗಿನದ್ದಕ್ಕೆ ತಿರುಗುಮುರುಗು. ಹಾಗಿರುವಾಗ ಎಂಟೂವರೆಗೆ ಮಾಡುವುದಕ್ಕಿಂತ ಆರು ಕಾಲಿಗೆ, ಸೂರ್ಯ ಕಾಣುತ್ತಿರುವಾಗಲೇ ಅರ್ಘ್ಯ ಬಿಟ್ಟು ಹೋಗುವುದು ಮೇಲಲ್ಲವೇ? ನನ್ನ ತಂದೆ ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗಲೇ ಕೂರುತ್ತಿದ್ದರು, ಜಪ ಮುಗಿಯುವಾಗ ಮುಳುಗುತ್ತಿತ್ತು. ಇನ್ನು ಮಂಚದ ವಿಷಯ. ಸಂಜೆ ಕೋಣೆಯಲ್ಲಿ ಓಡಾಟ ಇರುವಾಗ ಮಂಚದ ಮೇಲೆ ಮಣೆ ಇಟ್ಟು ಕೂತು ಜಪ ಮಾಡಿದರೆ ತಪ್ಪಿಲ್ಲ ಎಂದು ನಾನು ಹೇಳುತ್ತೇನೆ.

ಕುಂಬಳೆ ಸೀಮೆಯ ಪುರೋಹಿತ

ನಿಮ್ಮ ತಂದೆಯವರು ಜಪದ ನಡುವೆ ಸೂರ್ಯ ಮುಳುಗುವ ಹಾಗೆ ಕೂರುತ್ತಿದ್ದರು. ಮಾಣಿ ಆರು ಕಾಲಿಗೆ ಮುಗಿಸಿ ಎದ್ದರೆ ಮುಳುಗಲು ಇನ್ನೂ ಮುಕ್ಕಾಲು ಗಂಟೆ ಇರುತ್ತದೆ. ಅದು ಸಂಧಿಯೇ ಅಲ್ಲ, ಸಂಜೆಯ ಮೊದಲಿನ ಬಿಸಿಲು. ಕಾಲ ಮೀರಿದ್ದಕ್ಕೆ ಪ್ರಾಯಶ್ಚಿತ್ತ ಉಂಟು, ಕಾಲ ಬರುವ ಮೊದಲೇ ಮಾಡಿದ್ದಕ್ಕೆ ನಾನು ಏನನ್ನೂ ಕಲಿತಿಲ್ಲ. ಮಂಚಕ್ಕೂ ನನ್ನ ಒಪ್ಪಿಗೆ ಇಲ್ಲ. ಮಲಗುವ ಹಾಸಿಗೆಯ ಮೇಲೆ ಮಣೆ ಇಟ್ಟರೂ ಕೆಳಗಿರುವುದು ಹಾಸಿಗೆಯೇ.

ಮಧೂರಿನ ಹಿರಿಯರು

ಹಾಸಿಗೆ ಸುತ್ತಿ ಬದಿಗಿಟ್ಟರೆ ಮಂಚ ಬರೀ ಹಲಗೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪಲಿಕ್ಕಿಲ್ಲ, ಮಾಣಿ ತನ್ನ ಅಜ್ಜನನ್ನು ಕೇಳಲಿ.

ನಿವೃತ್ತ ವಾರ್ಡನ್

ಹಾಲ್‌ಗೆ ಏಳು ಕಾಲಿಗೆ ಬರುತ್ತೇನೆ ಎಂದು ವಾರ್ಡನ್ ಹತ್ತಿರ ಬರೆದು ಕೇಳಿದ್ದೀಯಾ? ಕೆಲವರು ಮಗ್‌ರಿಬಿಗೆ ಹಾಗೆ ಕೇಳಿ ಅನುಮತಿ ತಗೊಂಡಿರುತ್ತಾರೆ. ಮಗ್‌ರಿಬೂ ಸೂರ್ಯ ಮುಳುಗಿದ ಕೂಡಲೇ ಅಲ್ಲವೇ, ನಿನ್ನ ಮೊಗ್ರಾಲಿನವನು ಎಂತ ಮಾಡುತ್ತಾನೆ?

ಪೆರ್ಲದ ಮಾಣಿ

ಅವನಿಗೆ ಮತ್ತೆ ಇನ್ನು ನಾಲ್ವರಿಗೆ ಇಪ್ಪತ್ತು ನಿಮಿಷ ಬಿಡುತ್ತಾರೆ. ಕೇಳಿದರೆ ನನಗೂ ಸಿಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ನಾಳೆ ಇಬ್ಬರ ಹೆಸರನ್ನೂ ಸೇರಿಸಿ ಅರ್ಜಿ ಬರೆಯುತ್ತೇವೆ, ಅವನು ಹೇಗೆ ಬರೆಯಬೇಕು ಎಂದು ಹೇಳಿಕೊಡುತ್ತೇನೆ ಎಂದಿದ್ದಾನೆ. ಮಂಚದ ವಿಷಯ ಅಜ್ಜನಲ್ಲಿ ಶನಿವಾರ ಮನೆಗೆ ಹೋದಾಗ ಕೇಳುತ್ತೇನೆ. ಮರಳು ಸ್ವಲ್ಪ ಕಡಿಮೆಯಾಗಿದೆ, ಅದನ್ನೂ ತರಬೇಕು.